ಕನಸಿನ ಕೇರಂ ಬೋರ್ಡು, ಅಂಗಳದ ರಂಗೋಲಿ

ನಮ್ಮ ಮನೆ ಮುಳಬಾಗಿಲಿನಲ್ಲಿ. ಧನುರ್ಮಾಸ ಬಂತೆಂದರೆ ಅತ್ತೆ ಬೆಳಿಗ್ಗೆ ಐದಕ್ಕೇ ಎದ್ದು ಅಂಗಳ ಸಾರಿಸಿ ಎಳೆ ರಂಗೋಲಿ ಬಿಡುತ್ತಾರೆ. ಚುಕ್ಕಿಗಳನ್ನು ಸೇರಿಸುವ ರಂಗೋಲಿಯಲ್ಲ ಇದು. ಪಕ್ಕಪಕ್ಕದ ಚುಕ್ಕಿಗಳ ನಡುವೆ ಎಳೆ ಓರೆಯಾಗಿ ನುಸುಳಿ, ಅಂಚಿಗೆ ಬಂದಾಗ ಬಳಸಿಕೊಂಡು ಒಳಕ್ಕೆ ತಿರುಗಿ, ಕೊನೆಗೆ ಹೊರಟಲ್ಲಿಗೇ ಬಂದು ಸೇರುತ್ತದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಒಂದು ದಿನ ನೋಡುತ್ತಾ ನಿಂತವಳು ಕೇಳಿದೆ: "ಅತ್ತೆ, ಐದು ಸಾಲು, ಸಾಲಿಗೆ ನಾಲ್ಕರಂತೆ ಐದಕ್ಕೆ ನಾಲ್ಕು ಚುಕ್ಕಿ ಇಟ್ಟರೆ ಒಂದೇ ಎಳೆಯಲ್ಲಿ ಮುಗಿಯುತ್ತೆ, ನಾಲ್ಕಕ್ಕೆ ಆರು ಇಟ್ಟರೆ ಯಾಕೆ ಎರಡು ಎಳೆ ಬೇಕು?"

"ಕೆಲವು ಕೂಡ್ಕೊಳುತ್ತೆ, ಕೆಲವು ಕೂಡ್ಕೊಳಲ್ಲ ಕಣಮ್ಮ. ಯಾಕೆ ಅಂತ ನೀನೇ ಹೇಳ್ಬೇಕು, ಲೆಕ್ಕದ ಮೇಡಂ ಅಲ್ವಾ" ಅಂದರು.

ಎರಡು ವಾರ ಹಾಳೆ ತುಂಬಾ ಗೀಚಿದೆ. ದಾರಿ ಕಾಣಲಿಲ್ಲ. ಆಗ ಆಟೋ ಲೋವಿಯ ಕತೆ ನೆನಪಾಗಿ, ದಿಂಬಿನ ಪಕ್ಕ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಇಟ್ಟುಕೊಂಡು ಮಲಗಲು ಶುರು ಮಾಡಿದೆ.

ಲೋವಿ ಆಸ್ಟ್ರಿಯಾದ ಗ್ರಾಟ್ಸ್ ಊರಿನಲ್ಲಿದ್ದ ವಿಜ್ಞಾನಿ. ನರದಿಂದ ಹೃದಯಕ್ಕೆ ಸೂಚನೆ ಹೋಗುವುದು ವಿದ್ಯುತ್ತಿನಿಂದಲೋ ರಾಸಾಯನಿಕದಿಂದಲೋ ಎಂಬುದು ಆ ಕಾಲದ ದೊಡ್ಡ ಪ್ರಶ್ನೆ. ಒಂದು ರಾತ್ರಿ ಎಚ್ಚರವಾಗಿ, ತೆಳು ಕಾಗದದ ಚೂರಿನ ಮೇಲೆ ಏನೋ ಗೀಚಿ ಮತ್ತೆ ನಿದ್ದೆ ಹೋದರು. ಬೆಳಿಗ್ಗೆ ಏನೋ ಮುಖ್ಯವಾದದ್ದು ಬರೆದೆ ಎಂಬುದು ನೆನಪಿದೆ, ಬರೆದದ್ದನ್ನು ಓದಲು ಮಾತ್ರ ಆಗುತ್ತಿಲ್ಲ. ಮರುರಾತ್ರಿ ಮೂರು ಗಂಟೆಗೆ ಅದೇ ವಿಚಾರ ಮತ್ತೆ ಬಂತು. ಈ ಸಲ ಕಾಗದವನ್ನು ನಂಬದೆ ನೇರ ಪ್ರಯೋಗಾಲಯಕ್ಕೆ ಹೋದರು. ಎರಡು ಕಪ್ಪೆಗಳ ಹೃದಯ ತೆಗೆದು, ಒಂದರ ವೇಗಸ್ ನರವನ್ನು ಪ್ರಚೋದಿಸಿ ಅದರ ಬಡಿತ ನಿಧಾನವಾಗುವಂತೆ ಮಾಡಿದರು. ಅದರೊಳಗಿದ್ದ ಉಪ್ಪುದ್ರಾವಣವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು. ಅಂದರೆ ನರದಿಂದ ಯಾವುದೋ ರಾಸಾಯನಿಕ ಹೊರಬಂದು ದ್ರಾವಣದಲ್ಲಿ ಸೇರಿತ್ತು. ಇದು 1921ರಲ್ಲಿ ಪ್ರಕಟವಾಯಿತು. 1936ರಲ್ಲಿ ಹೆನ್ರಿ ಡೇಲ್ ಜೊತೆ ಅವರಿಗೆ ನೊಬೆಲ್ ಸಿಕ್ಕಿತು.

ಈ ಕತೆ ಹೇಳುವವರು ಎರಡು ವಿಷಯ ಬಿಟ್ಟುಬಿಡುತ್ತಾರೆ, ನನಗೆ ಅವೇ ಮುಖ್ಯ. ರಾಸಾಯನಿಕ ಇರಬಹುದು ಎಂಬ ಊಹೆ ಲೋವಿಗೆ 1903ರಲ್ಲೇ ಬಂದಿತ್ತು. ಕನಸು ಕೊಟ್ಟದ್ದು ಉತ್ತರವನ್ನಲ್ಲ, ಆ ಊಹೆಯನ್ನು ಪರೀಕ್ಷಿಸುವ ದಾರಿಯನ್ನು. ಇನ್ನೊಂದು, ಹಗಲು ಹೊತ್ತಿನಲ್ಲಿ ಕೂತು ಯೋಚಿಸಿದ್ದರೆ ಆ ಪ್ರಯೋಗವನ್ನು ತಾನು ಮಾಡುತ್ತಲೇ ಇರಲಿಲ್ಲ ಎಂದು ಅವರೇ ಮುಂದೆ ಬರೆದುಕೊಂಡರು. ಹೃದಯಕ್ಕೆ ಬೇಕಾದಷ್ಟೇ ರಾಸಾಯನಿಕ ಬಿಡುಗಡೆಯಾದೀತು, ದ್ರಾವಣಕ್ಕೂ ಸೋರುವಷ್ಟು ಎಲ್ಲಿ ಉಳಿದೀತು ಎಂದು ಎಚ್ಚರದ ಬುದ್ಧಿ ತಳ್ಳಿಹಾಕುತ್ತಿತ್ತಂತೆ. ಕನಸು ಹೆಚ್ಚಾಗಿ ಬೀಳುವ ನಿದ್ದೆಯಲ್ಲಿ ಮಿದುಳಿನ ಮುಂಭಾಗದ, ಸರಿ ತಪ್ಪು ತೂಗುವ ಭಾಗ ಮಂಕಾಗಿರುತ್ತದೆ. ಹಗಲು ಬಾಗಿಲಲ್ಲೇ ತಡೆಯುವ ವಿಚಾರ ಆಗ ಒಳಗೆ ಬರುತ್ತದೆ. ಅದೇ ಬಾಗಿಲಲ್ಲಿ ಸುಳ್ಳೂ ಒಳಗೆ ಬರುತ್ತದೆ.

ನನಗೆ ಮೊದಲು ಬಂದದ್ದು ಸುಳ್ಳೇ. ಕನಸಿನಲ್ಲಿ ತರಗತಿಯ ಬೋರ್ಡಿನ ಮೇಲೆ ನಾನೇ ಬರೆಯುತ್ತಿದ್ದೆ: ಎರಡೂ ಕಡೆ ಬೆಸ ಸಂಖ್ಯೆ ಇದ್ದರೆ ಒಂದೇ ಎಳೆ. ಅನುಮಾನವೇ ಇಲ್ಲದ ಸಂತೋಷ. ಎದ್ದು ಬರೆದಿಟ್ಟು, ಬೆಳಿಗ್ಗೆ ಮೂರಕ್ಕೆ ಐದು ಚುಕ್ಕಿ ಇಟ್ಟು ಎಳೆದೆ, ಒಂದೇ ಎಳೆ. ಐದಕ್ಕೆ ಏಳು, ಒಂದೇ ಎಳೆ. ಅಲ್ಲಿಗೇ ನಿಲ್ಲಿಸಿದ್ದರೆ ಮಕ್ಕಳಿಗೆ ತಪ್ಪು ಹೇಳಿಕೊಡುತ್ತಿದ್ದೆ. ಮೂರಕ್ಕೆ ಮೂರು ಇಟ್ಟಾಗ ಮೂರು ಎಳೆ ಬಂತು. ಆ ಸಂತೋಷ ಮಾತ್ರ ಮಧ್ಯಾಹ್ನದವರೆಗೂ ಹೋಗಲಿಲ್ಲ. "ಹೊಳೆಯಿತು" ಎಂಬ ಭಾವಕ್ಕೂ ಸರಿಯಾಗಿರುವುದಕ್ಕೂ ಸಂಬಂಧವಿಲ್ಲ ಎಂದು ಅವತ್ತು ತಿಳಿಯಿತು.

ಆಮೇಲೆ ಪದ್ಧತಿ ಬದಲಿಸಿದೆ. ರಾತ್ರಿ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆದು ಮಲಗುವುದು. ಎಚ್ಚರವಾದರೆ ಹೊರಳದೆ, ಫೋನ್ ಮುಟ್ಟದೆ, ಮೊದಲು ಚಿತ್ರ ಬಿಡಿಸುವುದು, ಮಾತು ಆಮೇಲೆ. ಬೆಳಿಗ್ಗೆ ಎದುರಿನ ಪುಟದಲ್ಲಿ ಪರೀಕ್ಷೆ, ಅದೂ ಸರಿಹೋಗುವ ಉದಾಹರಣೆಯಲ್ಲ, ಮುರಿಯಬಹುದಾದ ಉದಾಹರಣೆ ಮೊದಲು. ಬಹುಪಾಲು ರಾತ್ರಿ ಏನೂ ಬರಲಿಲ್ಲ. ಬಂದ ಕೆಲವೂ ಬೆಳಿಗ್ಗೆ ಅರ್ಥವಾಗಲಿಲ್ಲ.

ಒಂದು ರಾತ್ರಿ ಹಾಸ್ಟೆಲಿನ ಹಳೆಯ ಕೇರಂ ಬೋರ್ಡು ಬಂತು. ಸ್ಟ್ರೈಕರ್ ನಿಲ್ಲುತ್ತಲೇ ಇಲ್ಲ. ಒಂದು ಅಂಚಿಗೆ ತಗುಲಿ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಹೋದ ದಾರಿಯಲ್ಲೆಲ್ಲ ಪೌಡರಿನ ಬಿಳಿ ಗೆರೆ. ಮೂಲೆಯ ಗುಂಡಿಗೆ ಮಾತ್ರ ಬೀಳುವುದಿಲ್ಲ. ಕತ್ತಲಲ್ಲೇ ಒಂದು ಚೌಕ, ಒಳಗೆ ಓರೆ ಗೆರೆ ಎಳೆದಿಟ್ಟೆ.

ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಿದಾಗ ಗೊತ್ತಾಯಿತು, ರಂಗೋಲಿಯ ಎಳೆ ಸ್ಟ್ರೈಕರಿನ ಹಾಗೇ ತಿರುಗುತ್ತದೆ. ಇಲ್ಲಿಂದ ಮುಂದಿನದೆಲ್ಲ ಎಚ್ಚರದ ಕೆಲಸ. ಪ್ರತಿ ಚುಕ್ಕಿಗೆ ಎರಡಂಗುಲದ ಚೌಕದ ಮನೆ ಕೊಡಿ, ಚುಕ್ಕಿ ನಟ್ಟನಡುವೆ. ನಾಲ್ಕಕ್ಕೆ ಆರು ಚುಕ್ಕಿ ಅಂದರೆ 8 ಅಂಗುಲ ಅಗಲ, 12 ಅಂಗುಲ ಉದ್ದದ ಬೋರ್ಡು. ಎಳೆ ಓರೆಯಾಗಿ ಹೋಗುವುದರಿಂದ ಅಡ್ಡಕ್ಕೆ ಒಂದಂಗುಲ ಸರಿದರೆ ಉದ್ದಕ್ಕೂ ಒಂದಂಗುಲ ಸರಿಯುತ್ತದೆ. ಅಡ್ಡಕ್ಕೆ ಹೋಗಿಬರಲು 16 ಅಂಗುಲ, ಉದ್ದಕ್ಕೆ ಹೋಗಿಬರಲು 24. ಹೊರಟ ಜಾಗಕ್ಕೆ, ಹೊರಟ ದಿಕ್ಕಿನಲ್ಲೇ ಬರಬೇಕಾದರೆ ಎರಡೂ ಒಟ್ಟಿಗೆ ಮುಗಿಯಬೇಕು. 16 ಮತ್ತು 24ರ ಲ.ಸಾ.ಅ., ಅಂದರೆ ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, 48. ಒಂದು ಎಳೆ ಅಡ್ಡ ಅಳತೆಯಲ್ಲಿ 48 ಅಂಗುಲ ನಡೆದು ಕೂಡಿಕೊಳ್ಳುತ್ತದೆ. ಇಡೀ ರಂಗೋಲಿಗೆ ಎಷ್ಟು ಬೇಕು? ಪ್ರತಿ ಚುಕ್ಕಿಯ ಸುತ್ತ ನಾಲ್ಕು ಓರೆ ತುಂಡು, ಒಂದೊಂದೂ ಅಡ್ಡಕ್ಕೆ ಒಂದಂಗುಲ. 24 ಚುಕ್ಕಿಗೆ 96. ಅದನ್ನು 48ರಿಂದ ಭಾಗಿಸಿದರೆ ಎರಡು ಎಳೆ. ಐದಕ್ಕೆ ನಾಲ್ಕರಲ್ಲಿ 20 ಮತ್ತು 16ರ ಲ.ಸಾ.ಅ. 80, ಇಡೀ ರಂಗೋಲಿಗೆ ಬೇಕಾದದ್ದೂ 80, ಒಂದೇ ಎಳೆ. ಮೂರಕ್ಕೆ ಮೂರರಲ್ಲಿ 36ನ್ನು 12ರಿಂದ ಭಾಗಿಸಿ ಮೂರು. ಎಳೆಗಳ ಸಂಖ್ಯೆ ಎಂದರೆ ಎರಡು ಬದಿಯ ಚುಕ್ಕಿಗಳ ಮ.ಸಾ.ಅ., ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ, ಅಷ್ಟೇ. ಕನಸಿನ ಸ್ಟ್ರೈಕರ್ ಗುಂಡಿಗೆ ಬೀಳದಿದ್ದಕ್ಕೂ ಲೆಕ್ಕದಲ್ಲಿ ಜಾಗವಿತ್ತು: ಎಳೆ ಅಂಚಿಗೆ ತಗುಲುವುದು ಮೂಲೆಯಿಂದ 1, 3, 5 ಅಂಗುಲದಲ್ಲಿ, ಮೂಲೆಗೆ ಎಂದೂ ಅಲ್ಲ. ಹಾಗಾಗಿ ಬಂದ ದಾರಿಯಲ್ಲೇ ಅದು ಹಿಂದಿರುಗುವುದಿಲ್ಲ.

ಗಣಿತಜ್ಞರಿಗೆ ಇದು ಮೊದಲೇ ಗೊತ್ತಿರುವ ಸಂಗತಿ, ನಾನು ಕಂಡುಕೊಂಡದ್ದು ನನ್ನ ಮಟ್ಟಿಗೆ. ಆದರೂ ಸಹೋದ್ಯೋಗಿಗಳ ಮುಂದೆ "ಮ.ಸಾ.ಅ. ಕನಸಿನಲ್ಲಿ ಬಂತು" ಎಂದು ನಾಲ್ಕಾರು ಸಲ ಹೇಳಿದ್ದೆ, ಹೇಳುತ್ತಾ ನಾನೇ ನಂಬಿದ್ದೆ. ನೋಟ್‌ಬುಕ್ ತೆಗೆದರೆ ಆ ಪುಟದಲ್ಲಿ ಒಂದೂ ಸಂಖ್ಯೆಯಿಲ್ಲ, ಚೌಕ ಮತ್ತು ಗೆರೆ ಮಾತ್ರ. ಬೆಂಜೀನ್ ಎಂಬ ರಾಸಾಯನಿಕದ ಉಂಗುರದಂಥ ರಚನೆಯನ್ನು ಜರ್ಮನ್ ರಸಾಯನ ವಿಜ್ಞಾನಿ ಕೆಕುಲೆ ಪ್ರಕಟಿಸಿದ್ದು 1865ರಲ್ಲಿ. ಅದು ಹೊಳೆದದ್ದು ಬಾಲ ಕಚ್ಚಿದ ಹಾವಿನ ಕನಸಿನಿಂದ ಎಂದು ಸಭೆಯಲ್ಲಿ ಹೇಳಿದ್ದು 1890ರಲ್ಲಿ, 25 ವರ್ಷದ ಮೇಲೆ. ಅವರು ಸುಳ್ಳು ಹೇಳಿದರು ಎನ್ನುವುದಿಲ್ಲ ನಾನು. ಕೆಲವೇ ತಿಂಗಳಲ್ಲಿ ನನ್ನ ನೆನಪು ಇಷ್ಟು ತಿದ್ದಿಕೊಂಡಿತ್ತು ಎಂಬುದಷ್ಟೇ ಗೊತ್ತು. ಅದೇ ಸಭೆಯಲ್ಲಿ ಅವರು, ಎಚ್ಚರದ ಬುದ್ಧಿ ಪರೀಕ್ಷಿಸುವ ಮೊದಲು ಕನಸನ್ನು ಪ್ರಕಟಿಸಬೇಡಿ ಎಂದೂ ಹೇಳಿದ್ದರು. ರಾಮಾನುಜನ್ ತಮ್ಮ ಸೂತ್ರಗಳನ್ನು ಕೊಡುವವಳು ನಾಮಕ್ಕಲ್‌ನ ನಾಮಗಿರಿ ತಾಯಿ ಎನ್ನುತ್ತಿದ್ದರು. ಅವರು 1913ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಬರೆದದ್ದರಲ್ಲಿ ಬೆರಗಾಗಿಸುವ ಸತ್ಯಗಳಿದ್ದವು, ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಹೇಳಿದ್ದು ಮಾತ್ರ ತಪ್ಪಾಗಿತ್ತು. ಯಾವುದು ಯಾವುದೆಂದು ಬೇರ್ಪಡಿಸಿದ್ದು ಪುರಾವೆ ಬರೆದು ನೋಡುವ ಕೆಲಸವೇ.

ಪರೀಕ್ಷೆ ಸುಲಭವಾಗಿ ಸಿಗುವ ಕಡೆ ನಾನು ಕನಸಿಗೆ ಧಾರಾಳವಾಗಿ ಕಿವಿ ಕೊಡುತ್ತೇನೆ. ಹಿಡಿ ರಂಗೋಲಿ ಪುಡಿ, ಹತ್ತು ನಿಮಿಷ ಸಾಕು. ಯಾರಿಗೆ ಸಾಲ ಕೊಡಬೇಕು, ಮಗಳಿಗೆ ಯಾವ ಔಷಧಿ ಎಂಬಂಥದ್ದಕ್ಕೆ ಕೊಡುವುದಿಲ್ಲ. ಅಲ್ಲಿ ತಪ್ಪು ಗೊತ್ತಾಗುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಸಂಕ್ರಾಂತಿಯ ದಿನ ಅತ್ತೆಗೆ ಮೊದಲೇ ಹೇಳಿದೆ, ಆರಕ್ಕೆ ಒಂಬತ್ತು ಇಡಿ, ಮೂರು ಎಳೆ ಬರುತ್ತೆ. ಎಳೆಯುತ್ತಾ ಹೋದರು. ಮೂರನೆಯದು ಕೂಡಿಕೊಂಡಾಗ ಎದ್ದು ನಿಂತು, "ಒಂದರಿಂದ ಒಂಬತ್ತಕ್ಕೆ ಏರಿಸಿ ಮತ್ತೆ ಒಂದಕ್ಕೆ ಇಳಿಸ್ತೀವಲ್ಲ, ಅದಕ್ಕೂ ಇದೇ ಲೆಕ್ಕವಾ?" ಅಂದರು. ಅಲ್ಲ, ಅಲ್ಲಿ ಅಂಚು ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಆ ಪ್ರಶ್ನೆ ಈಗ ನೋಟ್‌ಬುಕ್ಕಿನ ಹೊಸ ಪುಟದ ಮೇಲಿದೆ. ಎರಡು ಸಲ ಉತ್ತರ ಬಂತು ಎಂದು ರಾತ್ರಿ ಬರೆದಿಟ್ಟಿದ್ದೇನೆ. ಎರಡೂ ಬೆಳಗಿನ ಅಂಗಳದಲ್ಲಿ ನಿಲ್ಲಲಿಲ್ಲ.