ಕಾಯಿಲ್‌ನಲ್ಲಿ ಆ ಕ್ಷಣಕ್ಕೆ ಎಷ್ಟು ಶಕ್ತಿ ಇದೆ? ಲೆಕ್ಕ ಹಾಕುವುದು ಹೀಗೆ

ಒಂದು 12 ವೋಲ್ಟ್ ಬ್ಯಾಟರಿ ಇದೆ. ಅದಕ್ಕೆ ಒಂದು ಸ್ವಿಚ್, 5 ಓಮ್‌ನ ಒಂದು ರೆಸಿಸ್ಟರ್ ಮತ್ತು ಒಂದು ಕಾಯಿಲ್ ಸಾಲಾಗಿ ಜೋಡಿಸಿದ್ದೀರಿ. ಕಾಯಿಲ್‌ನ ಇಂಡಕ್ಟನ್ಸ್ 0.4 ಹೆನ್ರಿ. ಅದರ ತಾಮ್ರದ ತಂತಿಗೇ 3 ಓಮ್ ರೋಧ ಇದೆ. ಸ್ವಿಚ್ ಹಾಕಿ 0.1 ಸೆಕೆಂಡ್ ಆದಾಗ ಕಾಯಿಲ್‌ನ ಕಾಂತಕ್ಷೇತ್ರದಲ್ಲಿ ಎಷ್ಟು ಶಕ್ತಿ ಸೇರಿರುತ್ತದೆ?

ಈ ಲೆಕ್ಕ ಕೊಟ್ಟರೆ ಬಹಳಷ್ಟು ಮಕ್ಕಳು 0.389 ಜೌಲ್ ಎಂದು ಬರೆಯುತ್ತಾರೆ. ಸರಿಯಾದ ಉತ್ತರ ಸುಮಾರು 0.336. ಈ ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ತಿಳಿದರೆ ಇಡೀ ವಿಷಯ ತಿಳಿದಂತೆಯೇ. ಅದಕ್ಕೇ ನಿಧಾನವಾಗಿ ಹೋಗೋಣ.

ಮೊದಲು ಒಟ್ಟು ರೋಧ

ಪುಸ್ತಕದ ಚಿತ್ರದಲ್ಲಿ ಕಾಯಿಲ್ ಮತ್ತು ರೆಸಿಸ್ಟರ್ ಬೇರೆ ಬೇರೆ ಇರುತ್ತವೆ. ನಿಜವಾದ ಕಾಯಿಲ್ ಎಂದರೆ ನೂರಾರು ಸುತ್ತು ತಂತಿ. ತಂತಿಗೆ ರೋಧ ಇದ್ದೇ ಇರುತ್ತದೆ. ಆ 3 ಓಮ್ ಅನ್ನು ಮರೆಯಬಾರದು. ನಮ್ಮ ಒಟ್ಟು ರೋಧ 5 + 3 = 8 ಓಮ್. ಬ್ಯಾಟರಿಯ ಒಳರೋಧ ತೀರಾ ಕಡಿಮೆ ಎಂದು ಇಲ್ಲಿ ಬಿಟ್ಟಿದ್ದೇನೆ. ಲೆಕ್ಕದಲ್ಲಿ ಕೊಟ್ಟಿದ್ದರೆ ಅದನ್ನೂ ಕೂಡಿಸಿಕೊಳ್ಳಿ.

ಆಮೇಲೆ ಎರಡು ಸಂಖ್ಯೆ

ಒಂದು, ಕರೆಂಟ್ ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎನ್ನುವುದು. ಸಾಕಷ್ಟು ಹೊತ್ತು ಬಿಟ್ಟರೆ ಕಾಯಿಲ್ ಬರೀ ತಂತಿಯ ಹಾಗೆ ಇರುತ್ತದೆ. ಆಗ 12 ಅನ್ನು 8ರಿಂದ ಭಾಗಿಸಿದರೆ 1.5 ಆಂಪಿಯರ್.

ಇನ್ನೊಂದು, ಅಲ್ಲಿಗೆ ಎಷ್ಟು ಬೇಗ ಹೋಗುತ್ತದೆ ಎನ್ನುವುದು. ಇದನ್ನು ಹೇಳುವುದು ಕಾಲ ಸ್ಥಿರಾಂಕ. ಇಂಡಕ್ಟನ್ಸ್ ಅನ್ನು ಒಟ್ಟು ರೋಧದಿಂದ ಭಾಗಿಸಿದರೆ ಅದು ಸಿಗುತ್ತದೆ: 0.4 / 8 = 0.05 ಸೆಕೆಂಡ್, ಅಂದರೆ 50 ಮಿಲಿಸೆಕೆಂಡ್. ರೋಧ ಜಾಸ್ತಿಯಾದರೆ ಇದು ಕಡಿಮೆಯಾಗುತ್ತದೆ. ಮೊದಲ ಸಲ ಕೇಳಿದಾಗ ಉಲ್ಟಾ ಅನ್ನಿಸುತ್ತದೆ, ಅಲ್ವಾ? ರೋಧ ಜಾಸ್ತಿಯಾದಾಗ ಮುಟ್ಟಬೇಕಾದ ಕರೆಂಟ್ ಚಿಕ್ಕದಾಗುತ್ತದೆ. ಆದರೆ ಸ್ವಿಚ್ ಹಾಕಿದ ತಕ್ಷಣ ಕರೆಂಟ್ ಏರುವ ವೇಗ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಬೇಗ ಮುಟ್ಟುತ್ತದೆ.

ಈಗ ಆ ಕ್ಷಣದ ಕರೆಂಟ್

ಕೇಳಿರುವ ಹೊತ್ತು 0.1 ಸೆಕೆಂಡ್. ಅದು ಸರಿಯಾಗಿ ಎರಡು ಕಾಲ ಸ್ಥಿರಾಂಕ. ಕರೆಂಟ್ ಸೊನ್ನೆಯಿಂದ ಶುರುವಾಗಿದ್ದರೆ ಸೂತ್ರ ಇದು:

```
i = (V/R)(1 − e^(−t/τ))
  = 1.5 × (1 − e^(−2))
  = 1.5 × (1 − 0.1353)
  = 1.297 A
```

ಕ್ಯಾಲ್ಕುಲೇಟರ್ ಬಿಡದ ಪರೀಕ್ಷೆಯಲ್ಲಿ `e^(−1) = 0.368` ಒಂದು ನೆನಪಿದ್ದರೆ ಸಾಕು. ಅದನ್ನು ವರ್ಗ ಮಾಡಿದರೆ 0.135 ಬಂತು.

ಇಲ್ಲೇ ನಿಂತು ಒಂದು ಸಲ ಪರೀಕ್ಷಿಸಿಕೊಳ್ಳಿ. 8 ಓಮ್‌ನಲ್ಲಿ 1.297 ಆಂಪಿಯರ್ ಹರಿದರೆ 10.38 ವೋಲ್ಟ್ ಅಲ್ಲೇ ಇಳಿಯುತ್ತದೆ. ಉಳಿಯುವುದು 1.62 ವೋಲ್ಟ್. ಕರೆಂಟ್ ಏರುವುದನ್ನು ಕಾಯಿಲ್ ಎದುರಿಸುತ್ತಿರುವುದು ಈ ವೋಲ್ಟೇಜ್‌ನಿಂದ. ಅದು 12ರ 0.1353 ಭಾಗ ಆಗಿರಬೇಕು. ಗುಣಿಸಿ ನೋಡಿ, 1.62. ಎರಡೂ ಹೊಂದಿದರೆ ಮುಂದೆ ಹೋಗಬಹುದು. ಹೊಂದದಿದ್ದರೆ ಗುಣಿಸುವಾಗಲೋ ಕಳೆಯುವಾಗಲೋ ಎಲ್ಲೋ ತಪ್ಪಿರುತ್ತೀರಿ.

ಕೊನೆಗೆ ಶಕ್ತಿ

```
U = ½ L i²
  = 0.5 × 0.4 × (1.297)²
  = 0.336 J
```

ಇಷ್ಟೇ. ಹಾಗಾದರೆ 0.389 ಎಲ್ಲಿಂದ ಬಂತು? ಕರೆಂಟ್ ಪೂರ್ತಿ 1.5 ಆಂಪಿಯರ್ ಆದಾಗ ಕಾಯಿಲ್‌ನಲ್ಲಿರುವ ಶಕ್ತಿ 0.45 ಜೌಲ್. ಎರಡು ಕಾಲ ಸ್ಥಿರಾಂಕ ಆದಾಗ ಕರೆಂಟ್ 86.5 ಶೇಕಡಾ ಏರಿರುತ್ತದೆ. ಮಕ್ಕಳು ಶಕ್ತಿಯೂ 86.5 ಶೇಕಡಾ ಇರುತ್ತದೆ ಅಂದುಕೊಂಡು 0.45ಕ್ಕೆ ಅದನ್ನೇ ಗುಣಿಸುತ್ತಾರೆ. ಆದರೆ ಶಕ್ತಿ ಹೋಗುವುದು ಕರೆಂಟ್‌ನ ವರ್ಗದ ಜೊತೆ. 0.865ರ ವರ್ಗ 0.748. ಹಾಗಾಗಿ ಶಕ್ತಿ ತುಂಬಿರುವುದು 75 ಶೇಕಡಾ ಮಾತ್ರ.

ಮೊದಲ ಕ್ಷಣಗಳಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. 5 ಮಿಲಿಸೆಕೆಂಡ್ ಆದಾಗ ಕರೆಂಟ್ ಸುಮಾರು 9.5 ಶೇಕಡಾ ಬಂದಿರುತ್ತದೆ. ಶಕ್ತಿ 1 ಶೇಕಡಾ ಕೂಡ ಆಗಿರುವುದಿಲ್ಲ. ಒಂದು ಕಾಲ ಸ್ಥಿರಾಂಕ ಆದಾಗ ಕರೆಂಟ್ 63 ಶೇಕಡಾ, ಶಕ್ತಿ 40. ಗ್ರಾಫ್ ಬರೆದರೆ ಕರೆಂಟ್ ಮೊದಲೇ ಜೋರಾಗಿ ಏರಿ ಆಮೇಲೆ ಬಾಗುತ್ತದೆ. ಶಕ್ತಿ ಮಾತ್ರ ನೆಲಕ್ಕಂಟಿಕೊಂಡು ಶುರುವಾಗಿ, ನಡುವೆ ಕಡಿದಾಗಿ ಏರಿ, ಮತ್ತೆ ಬಾಗುತ್ತದೆ. ಶಕ್ತಿ ಅತಿ ವೇಗವಾಗಿ ತುಂಬುವುದು ಕರೆಂಟ್ ಸರಿಯಾಗಿ ಅರ್ಧ ಮುಟ್ಟಿದಾಗ. ನಮ್ಮ ಲೆಕ್ಕದಲ್ಲಿ ಅದು ಸುಮಾರು 35ನೇ ಮಿಲಿಸೆಕೆಂಡ್. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಮಾತು ಇದು. ಶುರುವಿನಲ್ಲಿ ಕಾಯಿಲ್‌ಗೆ ಪೂರ್ತಿ 12 ವೋಲ್ಟ್ ಸಿಗುತ್ತದೆ, ಆದರೆ ಕರೆಂಟ್ ಇಲ್ಲ. ಕೊನೆಯಲ್ಲಿ ಕರೆಂಟ್ ಇದೆ, ಕಾಯಿಲ್‌ನ ಪಾಲಿಗೆ ವೋಲ್ಟೇಜ್ ಇಲ್ಲ. ಶಕ್ತಿ ತುಂಬಲು ಎರಡೂ ಬೇಕು.

ಬ್ಯಾಟರಿ ಕೊಟ್ಟಿದ್ದೆಲ್ಲ ಕಾಯಿಲ್‌ಗೇ ಹೋಯಿತು ಎಂದೂ ಅಂದುಕೊಳ್ಳಬೇಡಿ. ಈ 0.1 ಸೆಕೆಂಡ್‌ನಲ್ಲಿ ಬ್ಯಾಟರಿಯಿಂದ ಹೊರಟಿದ್ದು 1.022 ಜೌಲ್. ಅದರಲ್ಲಿ 0.685 ಜೌಲ್ 8 ಓಮ್‌ನಲ್ಲಿ ಬಿಸಿಯಾಗಿ ಹೋಗಿದೆ. ಕಾಯಿಲ್‌ಗೆ ದಕ್ಕಿದ್ದು ಮೂರನೇ ಒಂದು ಭಾಗ, ಅಷ್ಟೆ. 12 × 1.297 × 0.1 ಎಂದು ಸುಮ್ನೆ ಗುಣಿಸಿದರೆ 1.56 ಬರುತ್ತದೆ. ಅದು ತಪ್ಪು, ಏಕೆಂದರೆ ಕರೆಂಟ್ ಅಷ್ಟು ಹೊತ್ತೂ 1.297 ಇರಲಿಲ್ಲ.

ಟೇಬಲ್ ಮೇಲೆ ನೋಡಬೇಕೆಂದರೆ

ಆಸಿಲೋಸ್ಕೋಪ್ ಅನ್ನು 5 ಓಮ್ ರೆಸಿಸ್ಟರ್‌ನ ಎರಡು ತುದಿಗೆ ಹಾಕಿ. ಅಲ್ಲಿ ಕಾಣುವ ವೋಲ್ಟೇಜ್ ಅನ್ನು 5ರಿಂದ ಭಾಗಿಸಿದರೆ ಕರೆಂಟ್. ಕೊನೆಗೆ 7.5 ವೋಲ್ಟ್‌ಗೆ ನಿಲ್ಲಬೇಕು, 0.1 ಸೆಕೆಂಡ್‌ಗೆ ಸುಮಾರು 6.5 ವೋಲ್ಟ್ ತೋರಿಸಬೇಕು. ಕಾಯಿಲ್‌ನ ತುದಿಗಳಿಗೆ ಹಾಕಿದರೆ 1.62 ಸಿಗುವುದಿಲ್ಲ. ತಂತಿಯ 3 ಓಮ್‌ನಲ್ಲಿ ಇಳಿಯುವ 3.9 ವೋಲ್ಟ್ ಕೂಡ ಅದರಲ್ಲಿ ಸೇರಿ 5.5 ಓದುತ್ತದೆ. ಇದು ಮೀಟರಿನ ದೋಷವಲ್ಲ.

ರೇಖೆ ಬಾಗುವ ಬದಲು ನಡುವೆ ಇದ್ದಕ್ಕಿದ್ದಂತೆ ಇನ್ನೂ ಕಡಿದಾಗಿ ಏರಿದರೆ, ಕಾಯಿಲ್‌ನ ಒಳಗಿನ ಕಬ್ಬಿಣ ತುಂಬಿಹೋಗಿದೆ ಎಂದರ್ಥ. ಕಬ್ಬಿಣ ಇನ್ನಷ್ಟು ಕಾಂತವಾಗಲು ಆಗದಿದ್ದಾಗ ಇಂಡಕ್ಟನ್ಸ್ ಕುಸಿಯುತ್ತದೆ. ಆಗ 0.4 ಹಿಡಿದು ಮಾಡಿದ ಲೆಕ್ಕ ನಡೆಯುವುದಿಲ್ಲ. ಕೊನೆಯ ಕರೆಂಟ್ ಮಾತ್ರ 1.5 ಆಂಪಿಯರ್ರೇ, ಏಕೆಂದರೆ ಅದಕ್ಕೆ ರೋಧ ಮಾತ್ರ ಗೊತ್ತು.

ಈ ಪ್ರಯೋಗ ಮಾಡುವಾಗ ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿ, ಅದರ ಪಟ್ಟಿ ಇರುವ ತುದಿ ಬ್ಯಾಟರಿಯ ಪ್ಲಸ್ ಕಡೆಗಿರಲಿ. ಸ್ವಿಚ್ ತೆಗೆದಾಗ ಕಾಯಿಲ್‌ನಲ್ಲಿರುವ ಶಕ್ತಿಗೆ ಎಲ್ಲಾದರೂ ಹೋಗಲೇಬೇಕು. ಡಯೋಡ್ ಇದ್ದರೆ ಕರೆಂಟ್ ಅದರ ಮೂಲಕ ಸುತ್ತಿ, ಶಕ್ತಿ ತಂತಿಯಲ್ಲಿ ಮತ್ತು ಡಯೋಡ್‌ನಲ್ಲಿ ಬಿಸಿಯಾಗಿ ಮುಗಿಯುತ್ತದೆ. ಇಲ್ಲದಿದ್ದರೆ ಅದೇ ಮೂರನೇ ಒಂದು ಜೌಲ್ ಸ್ವಿಚ್ಚಿನ ತುದಿಗಳ ನಡುವೆ ಕಿಡಿಯಾಗಿ ಹಾರುತ್ತದೆ.