ಅನ್ನ, ರೊಟ್ಟಿ, ನವಣೆ: ಬೇಳೆ ಜೊತೆಗಿನ ತಟ್ಟೆಯ ಗ್ಲೈಸೆಮಿಕ್ ಲೋಡ್ ನಾನು ಲೆಕ್ಕ ಹಾಕುವ ಬಗೆ

ಸಿಂಧನೂರಿನಲ್ಲಿ ನಾನು ಆಹಾರ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು. ತುಂಗಭದ್ರಾ ಎಡದಂಡೆ ಕಾಲುವೆಯ ಊರುಗಳಿವು, ಸೋನಾ ಮಸೂರಿ ಬೆಳೆಯುವ ನಾಡು. ಹಾಗಾಗಿ ಎಲ್ಲರದ್ದೂ ಒಂದೇ ಪ್ರಶ್ನೆ: "ಅನ್ನ ಬಿಟ್ಟು ರೊಟ್ಟಿ ಹಿಡಿದ್ರ ಸಕ್ರಿ ಇಳಿತೈತಂತಲ್ರಿ ಮೇಡಂ, ಹೌದೇನ್ರಿ?" ಇದಕ್ಕೆ ಹೌದು ಅಥವಾ ಇಲ್ಲ ಅನ್ನುವ ಮೊದಲು ನಾನು ತಕ್ಕಡಿ ತೆಗೆಯುತ್ತೇನೆ.

ಕಾರಣ ಇಷ್ಟೆ. ಗ್ಲೈಸೆಮಿಕ್ ಇಂಡೆಕ್ಸ್, ಅಂದರೆ ಜಿಐ, ಒಂದು ಆಹಾರದ ಕಾರ್ಬೋಹೈಡ್ರೇಟ್ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅಂತ ಹೇಳುತ್ತದೆ. ಗ್ಲೂಕೋಸ್‌ಗೆ 100 ಅಂತ ಇಟ್ಟುಕೊಂಡು, ಅದಕ್ಕೆ ಹೋಲಿಸಿ ಅಳೆದ ಸಂಖ್ಯೆ ಅದು. ಆದರೆ ತಟ್ಟೆಯಲ್ಲಿ ಎಷ್ಟು ಬಡಿಸಿದ್ದಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಆ ಪ್ರಮಾಣವನ್ನೂ ಸೇರಿಸಿದರೆ ಸಿಗುವುದು ಗ್ಲೈಸೆಮಿಕ್ ಲೋಡ್, ಜಿಎಲ್. ಸೂತ್ರ ಸುಲಭ: ತಿಂದ ಕಾರ್ಬೋಹೈಡ್ರೇಟ್ ಗ್ರಾಂ × ಜಿಐ ÷ 100. ಒಂದು ಪದಾರ್ಥದ ಒಂದು ಸರ್ತಿಯ ಪ್ರಮಾಣಕ್ಕೆ 10ರ ತನಕ ಕಡಿಮೆ, 20 ಮತ್ತು ಅದರ ಮೇಲೆ ಜಾಸ್ತಿ ಅನ್ನುವುದು ರೂಢಿ. ನಮ್ಮ ಇಡೀ ಊಟ 20ರ ಒಳಗೆ ಬರುವುದು ಕಷ್ಟ. ಅದಕ್ಕೇ ನಾನು ಆ ಗೆರೆಯನ್ನು ಹಿಡಿದು ಕೂರುವುದಿಲ್ಲ. ಒಂದೇ ಮನೆಯ ಎರಡು ತಟ್ಟೆಗಳನ್ನು ಹೋಲಿಸಲು ಮಾತ್ರ ಈ ಲೆಕ್ಕ ಬಳಸುತ್ತೇನೆ.

ಒಬ್ಬರ ರಾತ್ರಿ ಊಟದ ಲೆಕ್ಕವನ್ನೇ ಪೂರ್ತಿ ಹೇಳುತ್ತೇನೆ. ಭತ್ತದ ವ್ಯಾಪಾರದವರು, ಐವತ್ತು ದಾಟಿದ್ದಾರೆ, ಮಾತ್ರೆ ನುಂಗುತ್ತಾರೆ. ರಾತ್ರಿ ಅನ್ನ ಮತ್ತು ತೊಗರಿ ಬೇಳೆ. ಎಷ್ಟು ಅನ್ನ ಅಂದರೆ "ಒಂದೀಟು ರೀ" ಅಂತಾರೆ. ಹೀಗಾಗಿ ಅವರ ಮನೆಯಾಕೆಗೆ ಒಂದು ಕೆಲಸ ಹೇಳಿದೆ. ಅಡುಗೆಮನೆ ತಕ್ಕಡಿಯಲ್ಲಿ ಹಸಿ ಅಕ್ಕಿ ತೂಗಬೇಕು. ಬೆಂದ ಮೇಲೆ ಪಾತ್ರೆಯ ತೂಕ ಕಳೆದು ಒಟ್ಟು ಅನ್ನ ತೂಗಬೇಕು. ಆಮೇಲೆ ಯಜಮಾನರ ತಟ್ಟೆಗೆ ಬಿದ್ದದ್ದನ್ನು ತೂಗಬೇಕು. ಎರಡನೇ ಸಲ ಬಡಿಸಿದ್ದೂ ಸೇರಿಸಿ.

ಬರೆದು ತಂದ ಲೆಕ್ಕ ಹೀಗಿತ್ತು. ಅಕ್ಕಿ 400 ಗ್ರಾಂ, ಬೆಂದ ಅನ್ನ 1,120 ಗ್ರಾಂ. ಅಂದರೆ ಅವರ ಮನೆಯಲ್ಲಿ ಅಕ್ಕಿ 2.8 ಪಟ್ಟು ಆಗುತ್ತದೆ. ತಟ್ಟೆಯಲ್ಲಿ 330 ಗ್ರಾಂ ಅನ್ನ. ಅದನ್ನು 2.8ರಿಂದ ಭಾಗಿಸಿದರೆ ಸುಮಾರು 118 ಗ್ರಾಂ ಹಸಿ ಅಕ್ಕಿ. ಬೇಳೆಯನ್ನೂ ಹೀಗೇ ಲೆಕ್ಕ ಹಾಕಿದಾಗ ಅವರ ಪಾಲಿಗೆ ಬಂದದ್ದು 30 ಗ್ರಾಂ ಹಸಿ ಬೇಳೆ.

ಹಸಿ ತೂಕಕ್ಕೆ ತಿರುಗಿಸುವುದು ಯಾಕೆ ಅಂದರೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ ಧಾನ್ಯಗಳ ಅಂಕಿಗಳಿರುವುದು ಹಸಿ ತೂಕಕ್ಕೆ. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ 78 ಗ್ರಾಂ ಕಾರ್ಬೋಹೈಡ್ರೇಟ್, ಜೋಳದಲ್ಲಿ 68, ತೊಗರಿ ಬೇಳೆಯಲ್ಲಿ 55. ತಾವೇ ಲೆಕ್ಕ ಹಾಕಿಕೊಂಡು ಬರುವ ಕೆಲವರು 78ನ್ನು ಬೆಂದ ಅನ್ನದ ತೂಕಕ್ಕೇ ಗುಣಿಸಿರುತ್ತಾರೆ. ಆಗ ಈ ಒಂದು ತಟ್ಟೆಯಲ್ಲೇ 257 ಗ್ರಾಂ ಬರುತ್ತದೆ. ಬರೀ ಅನ್ನದಿಂದಲೇ ಸಾವಿರ ಕ್ಯಾಲೊರಿ ದಾಟಿತು ಅಂದರೆ ಎಡವಿದ್ದು ಇಲ್ಲೇ ಅಂತ ತಿಳಿಯಬೇಕು. ಇನ್ನೊಂದು ವಿಷಯ: ಈ ಕೋಷ್ಟಕದ ಕಾರ್ಬೋಹೈಡ್ರೇಟ್‌ನಲ್ಲಿ ನಾರನ್ನು ಈಗಾಗಲೇ ಕಳೆದಿದ್ದಾರೆ. ಜೋಳದಲ್ಲಿ 10 ಗ್ರಾಂ ನಾರಿದೆ ಅಂತ 68ರಿಂದ ಮತ್ತೆ 10 ಕಳೆಯಬಾರದು, ಕಳೆದರೆ ಜೋಳದ ಲೋಡ್ ಸುಳ್ಳೇ ಕಡಿಮೆ ಕಾಣುತ್ತದೆ. ಪ್ಯಾಕೆಟ್ ಮೇಲಿನ ಅಂಕಿ ಬಳಸುವುದಾದರೆ, ಅದರಲ್ಲಿ ನಾರು ಸೇರಿದೆಯೋ ಇಲ್ಲವೋ ನೋಡಿಯೇ ಮುಂದೆ ಹೋಗಬೇಕು.

ಈಗ ಜಿಐ. ಚೆನ್ನೈನಲ್ಲಿ ಭಾರತದ ಅಕ್ಕಿ ತಳಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಸೋನಾ ಮಸೂರಿಗೆ 72 ಬಂದಿದೆ. ನಮ್ಮ ಕಡೆ ಉಣ್ಣುವುದು ಅದನ್ನೇ, ಹಾಗಾಗಿ ಅದನ್ನೇ ಹಿಡಿಯುತ್ತೇನೆ. ಬೇಯಿಸಿದ ಬೇಳೆಗೆ 30.

ಅನ್ನ: 118 ಗ್ರಾಂ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ 92 ಗ್ರಾಂ. 92 × 72 ÷ 100, ಅಂದರೆ 66. ಬೇಳೆ: 30 ಗ್ರಾಂನಲ್ಲಿ 16.5 ಗ್ರಾಂ, ಅದರ ಲೋಡ್ 5. ಊಟದ ಒಟ್ಟು ಲೋಡ್ 71. ಇದರಲ್ಲಿ ಬೇಳೆಯದ್ದು ಎಷ್ಟು ಚಿಕ್ಕ ಪಾಲು ನೋಡಿ.

ಇದಾದ ಮೇಲೆ ಅವರು ಯಾರದ್ದೋ ಮಾತು ಕೇಳಿ ಜೋಳದ ರೊಟ್ಟಿ ಹಿಡಿದರು. ಮೂರು ರೊಟ್ಟಿ. ಹಿಟ್ಟು ತೂಗಿದಾಗ ಒಂದು ರೊಟ್ಟಿಗೆ 45 ಗ್ರಾಂ, ಮೂರಕ್ಕೆ 135 ಗ್ರಾಂ. ಕಾರ್ಬೋಹೈಡ್ರೇಟ್ ಎಷ್ಟು ಗೊತ್ತಾ? 92 ಗ್ರಾಂ. ಬಿಟ್ಟ ಅನ್ನದಲ್ಲಿ ಎಷ್ಟಿತ್ತೋ ಅಷ್ಟೇ! ಇನ್ನು ಉಳಿದದ್ದು ಜಿಐ ಒಂದೇ. ಪಟಾಂಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಸಿರಿಧಾನ್ಯಗಳ ಸರಾಸರಿ ಜಿಐ 52.7. ಜನ ಇದೊಂದೇ ಅಂಕಿ ಹಿಡಿದುಕೊಂಡು ಎಲ್ಲದಕ್ಕೂ ಹಾಕುತ್ತಾರೆ. ಆದರೆ ಅದೇ ವಿಶ್ಲೇಷಣೆಯಲ್ಲಿ ಜೋಳ ಇರುವುದು 55ರಿಂದ 69ರ ನಡುವಿನ ಗುಂಪಿನಲ್ಲಿ. ನವಣೆ 55ಕ್ಕಿಂತ ಕೆಳಗಿನ ಗುಂಪಿನಲ್ಲಿದೆ. ಅದಕ್ಕೆ ಜೋಳಕ್ಕೆ ನಾನು ನಡುವಿನ 62 ಇಡುತ್ತೇನೆ, ಆಮೇಲೆ ಎರಡೂ ತುದಿ ಹಾಕಿ ನೋಡುತ್ತೇನೆ. 62ಕ್ಕೆ ರೊಟ್ಟಿಯ ಲೋಡ್ 57. 55 ಹಿಡಿದರೆ 51, 69 ಹಿಡಿದರೆ 63. ಅನ್ನದ 66ರ ಪಕ್ಕದಲ್ಲಿ ಇದು ಇಳಿಕೆ ಹೌದು, ಆದರೆ ನೆಚ್ಚಿ ಕೂರುವಷ್ಟಲ್ಲ.

ಅಷ್ಟಕ್ಕೇ ನಿಂತಿದ್ದರೂ ಚೆನ್ನಾಗಿತ್ತು. ನಮ್ಮ ಕಡೆ ರೊಟ್ಟಿ ಮೇಲೆ ಸ್ವಲ್ಪ ಅನ್ನ ಉಣ್ಣದೆ ಕೈ ತೊಳೆಯುವವರು ಕಡಿಮೆ. ಅವರೂ ಉಣ್ಣುತ್ತಿದ್ದರು, 150 ಗ್ರಾಂ. ಅದು ಸುಮಾರು 54 ಗ್ರಾಂ ಅಕ್ಕಿ, ಲೋಡ್ 30. ರೊಟ್ಟಿಯ 57, ಅನ್ನದ 30, ಬೇಳೆಯ 5 ಕೂಡಿದರೆ 92. ಬರೀ ಅನ್ನ ಉಣ್ಣುತ್ತಿದ್ದಾಗ 71 ಇತ್ತು. ರೊಟ್ಟಿಗೆ ಬಂದ ಮೇಲೆ ಲೋಡ್ ಏರಿತು! ಈ ಕಾಗದ ಅವರ ಮುಂದಿಟ್ಟಾಗ ಮನೆಯಾಕೆ, "ಅದಕ್ಕ ನೋಡ್ರಿ ಸಕ್ರಿ ಇಳಿವಲ್ದು" ಅಂದರು.

ಹಾಗಾದರೆ ಏನು ಮಾಡಿದೆವು? ಮೊದಲು ಧಾನ್ಯದ ಗ್ರಾಂ ಇಳಿಸಿದೆವು. ಖಾಲಿಯಾದ ಜಾಗಕ್ಕೆ ಗಟ್ಟಿ ಬೇಳೆ ಬಂತು. ಹಸಿ ಅಕ್ಕಿ 60 ಗ್ರಾಂ, ಅಂದರೆ ತಟ್ಟೆಯಲ್ಲಿ 168 ಗ್ರಾಂ ಅನ್ನ, ಲೋಡ್ 34. ಬೇಳೆ 30ರಿಂದ 60 ಗ್ರಾಂಗೆ, ಲೋಡ್ 10. ಒಟ್ಟು 44. ಅನ್ನ ಬಿಡದೆಯೇ 71 ಇದ್ದದ್ದು 44ಕ್ಕೆ ಬಂತು. ರೊಟ್ಟಿಯ ದಿನ ಎರಡು ರೊಟ್ಟಿ, ಮೇಲೆ ಅನ್ನ ಇಲ್ಲ, ಅದೇ ಬೇಳೆ: 38 ಮತ್ತು 10, ಒಟ್ಟು 48.

ನವಣೆ ಅನ್ನಕ್ಕೆ ಲೆಕ್ಕ ಸ್ವಲ್ಪ ಎಚ್ಚರದಿಂದ ಹಾಕುತ್ತೇನೆ. ಅದೇ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ ನವಣೆಗೆ 100 ಗ್ರಾಂಗೆ 60.9 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಆದರೆ ಅಂಗಡಿಯಲ್ಲಿ ಸಿಗುವುದು ಹೊಟ್ಟು ಹೋಗಿ ಬೆಳ್ಳಗಾದ ನವಣೆ ಅಕ್ಕಿ, ಅದಕ್ಕೆ 70 ಹಿಡಿಯುವುದು ಕ್ಷೇಮ ಅಂತ ನನ್ನ ಅಭಿಪ್ರಾಯ. ಜಿಐಗೂ ಮೇಲಿನ ಮಿತಿ 55. ಆಗಲೂ 60 ಗ್ರಾಂ ನವಣೆಗೆ 42 ಗ್ರಾಂ ಕಾರ್ಬೋಹೈಡ್ರೇಟ್, ಲೋಡ್ 23. ಬೇಳೆ ಕೂಡಿ 33. ಅಂದರೆ ಗ್ರಾಂ ಇಳಿಸಿದ ಮೇಲೆ ನವಣೆಗೆ ಬಂದರೆ ನಿಜವಾದ ಲಾಭ ಇದೆ. ಅದೇ ಹಿಂದಿನಂತೆ 118 ಗ್ರಾಂ ನವಣೆ ಉಂಡರೆ ಬರೀ ನವಣೆಯದ್ದೇ 45. ಅಳತೆ ಇಟ್ಟುಕೊಂಡು ಉಂಡ ಸೋನಾ ಮಸೂರಿಗಿಂತ ಇದೇ ಜಾಸ್ತಿ, ಅಲ್ವಾ? ಅದೂ ಕಾಳಿನ ಅನ್ನ ಮಾಡಿದರೆ ಈ ಲೆಕ್ಕ. ಹಿಟ್ಟು ಮಾಡಿ ಗಂಜಿ ಕಾಯಿಸಿದರೆ ಬೇಗ ಕರಗುತ್ತದೆ, ಜಿಐ ಏರುತ್ತದೆ, ಆಗ 55 ಹಾಕಿದರೆ ತಪ್ಪು.

ಬೇಳೆ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ಸೂತ್ರದ ಪ್ರಕಾರ ಬೇಳೆ ಹಾಕಿದಷ್ಟೂ ಲೋಡ್ ಸ್ವಲ್ಪ ಕೂಡುತ್ತದೆ, ಕಳೆಯುವುದಿಲ್ಲ. ಆದರೆ ಬೇಳೆಯ ಪ್ರೋಟೀನ್ ಮತ್ತು ನಾರಿನಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಜೊತೆಯಲ್ಲಿ ತಿಂದ ಅನ್ನದ ಸಕ್ಕರೆಯೂ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಸೂತ್ರಕ್ಕೆ ಇದು ಕಾಣಿಸುವುದಿಲ್ಲ. ಒಗ್ಗರಣೆಯ ಎಣ್ಣೆ, ಪುಂಡಿ ಪಲ್ಯದ ಹುಳಿ ಇವೂ ಕಾಣಿಸುವುದಿಲ್ಲ. ಹಾಗಾಗಿ ಗಟ್ಟಿ ಬೇಳೆಯ ತಟ್ಟೆಯಲ್ಲಿ ನಿಜವಾದ ಏರಿಕೆ ಲೆಕ್ಕಕ್ಕಿಂತ ಕಡಿಮೆ ಇರಬಹುದು. ತಿಳಿ ಸಾರಿಗೆ ಈ ಗುಣ ಇಲ್ಲ. ಬೇಳೆ ಕಟ್ಟು ಬಸಿದು ಮಾಡಿದ ಸಾರನ್ನು ಎರಡು ಬಟ್ಟಲು ಸುರಿದುಕೊಂಡರೂ ಅದರಲ್ಲಿ ಹತ್ತು ಗ್ರಾಂ ಬೇಳೆ ಇರುವುದೂ ಅನುಮಾನ, ಮೇಲಾಗಿ ಸಾರು ಇದ್ದಷ್ಟೂ ಅನ್ನ ಜಾಸ್ತಿ ಇಳಿಯುತ್ತದೆ. ಅದಕ್ಕೇ ನಾನು ಬಟ್ಟಲು ಎಣಿಸುವುದಿಲ್ಲ, ಹಸಿ ಬೇಳೆಯ ಗ್ರಾಂ ಕೇಳುತ್ತೇನೆ. ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಬೇಳೆ ಏರಿಸಲು ನಾನೇ ಹೇಳುವುದಿಲ್ಲ, ಅದನ್ನು ಅವರ ಡಾಕ್ಟರು ಹೇಳಬೇಕು.

ಲೆಕ್ಕ ಸರಿಯೋ ಅಂತ ನೋಡಲು ಗ್ಲೂಕೋಮೀಟರ್ ಇದೆ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಒಮ್ಮೆ. ಊಟ ಮುಗಿದ ಹೊತ್ತಿನಿಂದಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ. ಅವರಿಗೆ ಹಳೆಯ ಅನ್ನದ ತಟ್ಟೆಯಲ್ಲಿ 142 ಇದ್ದದ್ದು 248 ಆಗಿತ್ತು. ಅಳತೆಯ ಅನ್ನ, ಗಟ್ಟಿ ಬೇಳೆಯಲ್ಲಿ 138 ಇದ್ದದ್ದು 196. ಮೀಟರ್ ಶೇಕಡಾ 15ರಷ್ಟು ಆಚೀಚೆ ತೋರಿಸಬಹುದು, ಹಾಗಾಗಿ ಒಂದೇ ರಾತ್ರಿಯ ಅಂಕಿಯನ್ನು ನಾನು ನಂಬುವುದಿಲ್ಲ. ಅದೇ ತಟ್ಟೆ, ಅದೇ ಹೊತ್ತು, ಅದೇ ಮಾತ್ರೆ ಇಟ್ಟುಕೊಂಡು ಹಲವು ರಾತ್ರಿ ನೋಡಿದೆವು. ಏರಿಕೆ ಪ್ರತಿ ಸಲವೂ ಮೊದಲಿಗಿಂತ ಸಾಕಷ್ಟು ಕೆಳಗೇ ಇತ್ತು.

ಧಾನ್ಯ ಇಳಿಸುವ ಮೊದಲೇ ಅವರ ಡಾಕ್ಟರಿಗೆ ಚೀಟಿ ಬರೆದು ಕಳಿಸಿದ್ದೆ. ಅವರು ನುಂಗುತ್ತಿದ್ದುದು ಗ್ಲಿಮೆಪಿರೈಡ್. ಅದು ಊಟ ಕಡಿಮೆ ಆದರೂ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ಅನ್ನ ಅರ್ಧ ಮಾಡಿದ ರಾತ್ರಿಯೇ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬರುವ ಅಪಾಯ ಇದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಮಾತು. ಡಾಕ್ಟರು ರಾತ್ರಿಯ ಡೋಸ್ ಇಳಿಸಿದ ಮೇಲೆಯೇ ತಟ್ಟೆ ಬದಲಿಸಿದೆವು. ಈಗ ಹೊಸ ಅಕ್ಕಿ ಚೀಲ ಒಡೆದಾಗಲೆಲ್ಲ ಅವರ ಮನೆಯಾಕೆ 400 ಗ್ರಾಂ ಬೇಯಿಸಿ ಮತ್ತೆ ತೂಗುತ್ತಾರೆ. ಹಳೆ ಅಕ್ಕಿ ಹೆಚ್ಚು ನೀರು ಹೀರಿ ಜಾಸ್ತಿ ಅರಳುತ್ತದೆ, ಹೊಸದು ಅಷ್ಟು ಅರಳುವುದಿಲ್ಲ. 2.8 ಪಟ್ಟು ಬದಲಾದರೆ ತಟ್ಟೆಯ 168 ಗ್ರಾಂ ಕೂಡ ಬದಲಾಗಬೇಕು.