ತ್ರಿಜ್ಯದ ಅಳತೆ ತಪ್ಪಿದರೆ ವಿಸ್ತೀರ್ಣ ಎಷ್ಟು ತಪ್ಪುತ್ತದೆ?

ಲೋಹದ ಒಂದು ದುಂಡು ಬಿಲ್ಲೆಯ ತ್ರಿಜ್ಯವನ್ನು ಅಳೆದಾಗ 12.0 ಸೆಂ.ಮೀ. ಬಂದಿದೆ, ಆ ಅಳತೆ ಹೆಚ್ಚೆಂದರೆ 0.1 ಸೆಂ.ಮೀ.ನಷ್ಟು ಅತ್ತಿತ್ತ ಇರಬಹುದು ಎಂದಿಟ್ಟುಕೊಳ್ಳೋಣ. ಈ ದೋಷ ವಿಸ್ತೀರ್ಣಕ್ಕೆ ಹೇಗೆ ದಾಟುತ್ತದೆ ಎಂಬುದನ್ನು ಅವಕಲಗಳ ನೆರವಿನಿಂದ ಕಂಡುಕೊಳ್ಳಬಹುದು.

ಮೊದಲು ಸೂತ್ರವನ್ನು ಬರೆದುಕೊಳ್ಳಿ: A = πr². ಇದನ್ನು r ಗೆ ಅನುಗುಣವಾಗಿ ಅವಕಲಿಸಿದರೆ dA = 2πr dr ಎಂದು ದೊರೆಯುತ್ತದೆ. ಇದನ್ನು ಬಾಯಿಪಾಠ ಮಾಡುವುದಕ್ಕಿಂತ ಕಣ್ಣೆದುರು ತಂದುಕೊಳ್ಳುವುದು ಮೇಲು. ತ್ರಿಜ್ಯ ಕೊಂಚ ಹೆಚ್ಚಿದಾಗ ಬಿಲ್ಲೆಯ ಸುತ್ತ ಒಂದು ತೆಳುವಾದ ಬಳೆ ಸೇರಿಕೊಳ್ಳುತ್ತದೆ. ಅದರ ಉದ್ದ ಪರಿಧಿಯಷ್ಟು, ಅಂದರೆ 2πr, ಅಗಲ dr.

ಈಗ ಬೆಲೆಗಳನ್ನು ಹಾಕಿದರೆ A ಸುಮಾರು 452.4 ಚದರ ಸೆಂ.ಮೀ., dA ಸುಮಾರು 7.5 ಚದರ ಸೆಂ.ಮೀ. ಆಗುತ್ತದೆ. ದೋಷವೇ ಏಳೆಂಟು ಇರುವಾಗ ದಶಾಂಶಗಳನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಉತ್ತರವನ್ನು 452 ± 8 ಎಂದು ಬರೆದರೆ ಸಾಕು. dA/A = 2 dr/r ಆಗಿರುವುದರಿಂದ ತ್ರಿಜ್ಯದ ಶೇ 0.83ರ ದೋಷವು ವಿಸ್ತೀರ್ಣದಲ್ಲಿ ಇಮ್ಮಡಿಯಾಗಿ ಶೇ 1.67 ಆಗಿದೆ.

ಇದು ಅಂದಾಜೇ ಹೊರತು ನಿಖರ ಲೆಕ್ಕವಲ್ಲ. ತ್ರಿಜ್ಯ ನಿಜವಾಗಿ 12.1 ಇದ್ದಿದ್ದರೆ ವಿಸ್ತೀರ್ಣ 7.57 ಹೆಚ್ಚುತ್ತಿತ್ತು, ನಾವು ಬಿಟ್ಟದ್ದು π(dr)², ಅಂದರೆ 0.03 ಮಾತ್ರ. ಆದರೆ dr 2 ಸೆಂ.ಮೀ. ಆದಾಗ ಬಿಟ್ಟುಹೋಗುವ ಭಾಗ 12.6ಕ್ಕೆ ಏರುತ್ತದೆ. ಅಂಥಲ್ಲಿ ಎರಡೂ ತುದಿಗಳ ವಿಸ್ತೀರ್ಣವನ್ನು ನೇರವಾಗಿ ಲೆಕ್ಕ ಹಾಕಬೇಕು.

ಅಸಲಿಗೆ ತ್ರಿಜ್ಯವನ್ನೇ ಅಳೆಯುವುದು ಜಾಣತನವಲ್ಲ, ಏಕೆಂದರೆ ಬಿಲ್ಲೆಯ ಕೇಂದ್ರ ಎಲ್ಲಿದೆ ಎಂಬುದೇ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಅದೇ 0.1 ಸೆಂ.ಮೀ. ದೋಷದೊಂದಿಗೆ ವ್ಯಾಸವನ್ನು ಅಳೆದರೆ, A = πD²/4 ಆದ್ದರಿಂದ dA = (πD/2) dD, ಅಂದರೆ 3.8 ಮಾತ್ರ. ಇಲ್ಲಿ ಹಲವರು ಎಡವುವುದು, ವ್ಯಾಸದ ದೋಷವನ್ನು ಅರ್ಧ ಮಾಡದೆ ತ್ರಿಜ್ಯದ ಸೂತ್ರಕ್ಕೆ ಹಾಕಿಬಿಡುವುದರಲ್ಲಿ. ಹಾಗೆ ಮಾಡಿದರೆ ದೋಷ ಇಮ್ಮಡಿಯಾಗಿ ಕಾಣುತ್ತದೆ.

ಅಳತೆಪಟ್ಟಿಯನ್ನು ಅಂಚಿಗೆ ಸುತ್ತಿ ಪರಿಧಿಯನ್ನು ಅಳೆದರೆ ಇನ್ನೂ ಲಾಭವಿದೆ. A = C²/4π ಎಂಬುದರಿಂದ dA = r dC, ಅಂದರೆ 1.2. ಆದರೆ ಪಟ್ಟಿಗೂ ದಪ್ಪವಿದೆ. 0.3 ಮಿ.ಮೀ. ದಪ್ಪದ ಪಟ್ಟಿಯನ್ನು ಬಿಗಿಯಾಗಿ ಸುತ್ತಿದಾಗ ಅದರ ನಡುಪದರ ಅಂಚಿನಿಂದ 0.15 ಮಿ.ಮೀ. ಹೊರಗಿರುವುದರಿಂದ ಪರಿಧಿ ಸುಮಾರು 0.09 ಸೆಂ.ಮೀ. ಹೆಚ್ಚಾಗಿ ಕಾಣುತ್ತದೆ. ಇದು ಅತ್ತಿತ್ತ ತೂಗುವ ದೋಷವಲ್ಲ, ಪ್ರತಿ ಸಲವೂ ಹೆಚ್ಚಿನ ಕಡೆಗೇ ಬೀಳುವಂಥದ್ದು. ಎಷ್ಟು ಬಾರಿ ಅಳೆದು ಸರಾಸರಿ ತೆಗೆದರೂ ಹೋಗದು. ಆದ್ದರಿಂದ ಇದನ್ನು ± ಒಳಗೆ ಸೇರಿಸದೆ, ಪಟ್ಟಿಯ ದಪ್ಪವನ್ನು π ಯಿಂದ ಗುಣಿಸಿ ಪರಿಧಿಯಿಂದ ಮೊದಲೇ ಕಳೆದುಬಿಡಬೇಕು.